ತೊಗರಿಯ ಮೂರು ಪದ್ಧತಿ, ಒಂದೇ ಡೇಟಾದಿಂದ ಎರಡು ತೀರ್ಪು: ಎಸ್‌ಪಿಎಸ್‌ಎಸ್‌ನ ಒನ್-ವೇ ಅನೋವಾ ಕುರಿತ ಒಂದು ಪ್ರಕರಣ ಅಧ್ಯಯನ

ಕಲಬುರಗಿಯ ಒಬ್ಬ ಸ್ನಾತಕೋತ್ತರ ವಿದ್ಯಾರ್ಥಿನಿ ತನ್ನ ಕಿರು ಪ್ರಬಂಧಕ್ಕಾಗಿ ಆಳಂದ ಮತ್ತು ಚಿತ್ತಾಪುರ ತಾಲ್ಲೂಕುಗಳ ತೊಗರಿ ಹೊಲಗಳಿಂದ ಇಳುವರಿಯ ಮಾಹಿತಿ ಸಂಗ್ರಹಿಸಿದ್ದಳು. ಎಲ್ಲವೂ ಎರೆ ಭೂಮಿಯ ಹೊಲಗಳು; ಆದರೆ ಬೆಳೆ ಬೆಳೆದ ರೀತಿ ಮೂರು ಬಗೆಯದು. ಮೊದಲನೆಯ ಗುಂಪಿನ ರೈತರು ಎಂದಿನಂತೆ ಕೂರಿಗೆಯಿಂದ ಬಿತ್ತಿ ಹಾಗೆಯೇ ಬೆಳೆಸಿದ್ದರು. ಎರಡನೆಯ ಗುಂಪಿನವರು ಬಿತ್ತಿದ ಬಳಿಕ, ಬೆಳೆ ಒಂದೂವರೆ ತಿಂಗಳು ದಾಟಿದ ಮೇಲೆ, ಕುಡಿ ಚಿವುಟಿ ಪಕ್ಕದ ಟೊಂಗೆಗಳು ಒಡೆಯುವಂತೆ ಮಾಡಿದ್ದರು. ಮೂರನೆಯ ಗುಂಪಿನವರು ಪಾಲಿಥಿನ್ ಚೀಲಗಳಲ್ಲಿ ಸಸಿ ಬೆಳೆಸಿ ಮಳೆ ಹಿಡಿದ ಮೇಲೆ ಹೊಲಕ್ಕೆ ನಾಟಿ ಮಾಡಿದ್ದರು. ಮೂರೂ ಪದ್ಧತಿಗಳ ಸರಾಸರಿ ಇಳುವರಿಯಲ್ಲಿ ವ್ಯತ್ಯಾಸವಿದೆಯೇ, ಇದ್ದರೆ ಯಾವ ಎರಡರ ನಡುವೆ ಇದೆ ಎಂಬುದು ಅವಳ ಪ್ರಶ್ನೆ. ಹಲವು ಗುಂಪುಗಳ ಸರಾಸರಿಗಳನ್ನು ಒಟ್ಟಿಗೆ ಹೋಲಿಸುವ ಒನ್-ವೇ ಅನೋವಾವನ್ನು ಅವಳು ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ನಡೆಸಿದ್ದಳು. ನನ್ನ ಬಳಿ ತಂದದ್ದು ಡೇಟಾ ಅಲ್ಲ, ಅದರ ಔಟ್‌ಪುಟ್‌ನ ಮುದ್ರಿತ ಪ್ರತಿ. ಅದರಲ್ಲಿ ಒಂದೇ ಡೇಟಾಗೆ ಎರಡು ಪೋಸ್ಟ್ ಹಾಕ್ ಪರೀಕ್ಷೆಗಳು, ಅಂದರೆ ಗುಂಪುಗಳನ್ನು ಎರಡೆರಡಾಗಿ ಹೋಲಿಸುವ ಪರೀಕ್ಷೆಗಳು, ಇದ್ದವು ಮತ್ತು ಅವು ಒಂದಕ್ಕೊಂದು ತದ್ವಿರುದ್ಧವಾಗಿದ್ದವು. "ಸರ್, ಎರಡೂ ನನ್ನ ಡೇಟಾದ್ದೇ ರೀ. ಇದರಾಗ ಯಾವುದು ಬರೀಲಿ?" ಎಂದು ಅವಳು ಕೇಳಿದಳು. ಈ ಬರಹ ಆ ಪ್ರಶ್ನೆಗೆ ಕೊಡಬೇಕಾದ ಪೂರ್ತಿ ಉತ್ತರ. ಇಲ್ಲಿನ ಅಂಕಿಗಳನ್ನು ವಿವರಣೆಗೆ ಅನುಕೂಲವಾಗುವಂತೆ ನಾನೇ ರೂಪಿಸಿದ್ದೇನೆ. ಜಿಲ್ಲೆಯ ತೊಗರಿ ಇಳುವರಿಯ ಅಂದಾಜೆಂದು ಅವುಗಳನ್ನು ಯಾರೂ ಓದಬಾರದು. ಆದರೆ ಈ ಅಂಕಿಗಳನ್ನು ಯಾರಾದರೂ ಎಸ್‌ಪಿಎಸ್‌ಎಸ್‌ಗೆ ತುಂಬಿ ನೋಡಿದರೆ ಮುಂದೆ ಹೇಳುವ ಫಲಿತಾಂಶಗಳೇ ಬರುತ್ತವೆ.

ಎಕರೆಗೆ ಕ್ವಿಂಟಲ್ ಲೆಕ್ಕದಲ್ಲಿ ಇಳುವರಿ ಹೀಗಿದೆ. ಕೂರಿಗೆ ಬಿತ್ತನೆಯ ಹನ್ನೆರಡು ಹೊಲಗಳು: 3.4, 3.6, 3.7, 3.8, 3.9, 4.0, 4.0, 4.1, 4.2, 4.3, 4.4, 4.6. ಕುಡಿ ಚಿವುಟಿದ ಹತ್ತು ಹೊಲಗಳು: 3.9, 4.2, 4.3, 4.5, 4.6, 4.6, 4.7, 4.9, 5.0, 5.3. ನಾಟಿ ಮಾಡಿದ ಆರು ಹೊಲಗಳು: 3.6, 4.1, 4.9, 5.5, 6.1, 7.0. ರೈತರು ಸಾಮಾನ್ಯವಾಗಿ ಇಳುವರಿಯನ್ನು ಚೀಲಗಳಲ್ಲಿ ಹೇಳುತ್ತಾರೆ, ಚೀಲದ ತೂಕವೋ ಎಲ್ಲ ಕಡೆ ಒಂದೇ ಇರುವುದಿಲ್ಲ. ಆದ್ದರಿಂದ ರಾಶಿ ಮಾಡಿದ ಮೇಲೆ ಮಾರುಕಟ್ಟೆಯಲ್ಲಿ ತೂಗಿದ ಚೀಟಿಯನ್ನು ನೋಡಿ ಕ್ವಿಂಟಲ್‌ಗೆ ಪರಿವರ್ತಿಸಿದ್ದು ಸರಿಯಾದ ಕ್ರಮ. ಅಳತೆಯ ಏಕಮಾನವೇ ಗುಂಪಿನಿಂದ ಗುಂಪಿಗೆ ಬದಲಾದರೆ ಮುಂದಿನ ಯಾವ ಪರೀಕ್ಷೆಯೂ ಅದನ್ನು ಕಂಡುಹಿಡಿಯಲಾರದು.

ಡೇಟಾ ತುಂಬುವ ಹಂತದಲ್ಲಿ ಒಂದೇ ಎಚ್ಚರಿಕೆ ಸಾಕು. ಇಳುವರಿ ಒಂದು ಕಾಲಂನಲ್ಲಿ, ಪದ್ಧತಿ ಇನ್ನೊಂದು ಕಾಲಂನಲ್ಲಿ ಇರಬೇಕು. ಅಂದರೆ ಇಪ್ಪತ್ತೆಂಟು ಹೊಲಗಳಿಗೆ ಇಪ್ಪತ್ತೆಂಟು ಸಾಲುಗಳು. ಮೂರು ಗುಂಪುಗಳನ್ನು ಮೂರು ಕಾಲಂಗಳಲ್ಲಿ ಅಕ್ಕಪಕ್ಕ ಇಟ್ಟರೆ ಈ ವಿಧಾನ ನಡೆಯುವುದಿಲ್ಲ. ಪದ್ಧತಿಯನ್ನು ಅಕ್ಷರಗಳಲ್ಲಿ ಬರೆದಿಟ್ಟರೆ ಒನ್-ವೇ ಅನೋವಾದ ಕಿಟಕಿ ಆ ಕಾಲಂ ಅನ್ನು `Factor` ಸ್ಥಾನಕ್ಕೆ ಸ್ವೀಕರಿಸುವುದಿಲ್ಲ. ಆದ್ದರಿಂದ 1, 2, 3 ಎಂಬ ಸಂಖ್ಯೆಗಳನ್ನು ಕೊಟ್ಟು, ಅವುಗಳ ಅರ್ಥವನ್ನು `Variable View` ಪುಟದ `Values` ಅಂಕಣದಲ್ಲಿ ಬರೆಯಬೇಕು. ಬಳಿಕ `Analyze` ಮೆನುವಿನ `Compare Means` ಅಡಿಯಲ್ಲಿ `One-Way ANOVA` ತೆರೆದು, ಇಳುವರಿಯನ್ನು `Dependent List`ಗೂ ಪದ್ಧತಿಯನ್ನು `Factor`ಗೂ ಸರಿಸಬೇಕು. `Options` ಗುಂಡಿಯಲ್ಲಿ ವಿವರಣಾತ್ಮಕ ಅಂಕಿಗಳು, ವೇರಿಯನ್ಸ್ ಸಮಾನತೆಯ ಪರೀಕ್ಷೆ, ಬ್ರೌನ್-ಫೋರ್ಸೈತ್ ಮತ್ತು ವೆಲ್ಚ್ ಪರೀಕ್ಷೆಗಳನ್ನು ಗುರುತಿಸಬೇಕು. `Post Hoc` ಗುಂಡಿಯಲ್ಲಿ ಮೇಲಿನ ಪಟ್ಟಿಯಿಂದ ಟೂಕಿ, ಕೆಳಗಿನ ಪಟ್ಟಿಯಿಂದ ಗೇಮ್ಸ್-ಹೊವೆಲ್ ಆರಿಸಬೇಕು. ಇಷ್ಟನ್ನೂ ಸಿಂಟ್ಯಾಕ್ಸ್ ಕಿಟಕಿಯಲ್ಲಿ ಬರೆದರೆ ಹೀಗಾಗುತ್ತದೆ:

```
ONEWAY iluvari BY paddhati
  /STATISTICS DESCRIPTIVES HOMOGENEITY BROWNFORSYTHE WELCH
  /MISSING ANALYSIS
  /POSTHOC=TUKEY GH ALPHA(0.05).
```

ಮೌಸ್‌ನಿಂದ ಮಾಡಿದರೂ ಕೊನೆಗೆ `Paste` ಒತ್ತಿ ಈ ಸಾಲುಗಳನ್ನು ಉಳಿಸಿಕೊಳ್ಳುವಂತೆ ನಾನು ವಿದ್ಯಾರ್ಥಿಗಳಿಗೆ ಒತ್ತಾಯಿಸುತ್ತೇನೆ, ಏಕೆಂದರೆ ಆರು ತಿಂಗಳ ಬಳಿಕ ಮೌಖಿಕ ಪರೀಕ್ಷೆಯಲ್ಲಿ ಯಾವ ಪೆಟ್ಟಿಗೆಯಲ್ಲಿ ಗುರುತು ಹಾಕಿದ್ದೆ ಎಂಬುದು ಯಾರಿಗೂ ನೆನಪಿರುವುದಿಲ್ಲ.

ಔಟ್‌ಪುಟ್‌ನ ಮೊದಲ ಟೇಬಲ್ `Descriptives`. ಹೆಚ್ಚಿನವರು ಇದನ್ನು ದಾಟಿ ನೇರವಾಗಿ `Sig.` ಎಂಬ ಅಂಕಣ ಹುಡುಕುತ್ತಾರೆ. ಈ ಪ್ರಕರಣದ ಗುಟ್ಟೆಲ್ಲ ಮೊದಲ ಟೇಬಲ್‌ನಲ್ಲೇ ಬಿಚ್ಚಿಟ್ಟಂತಿತ್ತು. ಸರಾಸರಿಗಳು ಕ್ರಮವಾಗಿ 4.0, 4.6 ಮತ್ತು 5.2 ಕ್ವಿಂಟಲ್, ಒಂದೊಂದು ಮೆಟ್ಟಿಲಿಗೂ 0.6ರ ಏರಿಕೆ. ಆದರೆ ಮಾನಕ ವಿಚಲನೆಗಳು 0.35, 0.41 ಮತ್ತು 1.26. ಮೊದಲ ಎರಡು ಗುಂಪುಗಳ ಹೊಲಗಳು ತಮ್ಮ ಸರಾಸರಿಯ ಸುತ್ತ ಒತ್ತಾಗಿ ನಿಂತಿವೆ; ನಾಟಿ ಹೊಲಗಳು ಮೂರೂವರೆಯಿಂದ ಏಳು ಕ್ವಿಂಟಲ್‌ವರೆಗೆ ಚದುರಿವೆ. ಇದಕ್ಕೆ ಕೃಷಿಯ ಕಾರಣವೂ ಇದೆ. ನಾಟಿ ಮಾಡಿದ ಸಸಿ ಬೇರೂರುವ ವಾರಗಳಲ್ಲಿ ನೀರು ಸಿಕ್ಕರೆ ಗಿಡ ದೊಡ್ಡದಾಗಿ ಟೊಂಗೆ ಬಿಡುತ್ತದೆ. ಮಳೆ ಕೈಕೊಟ್ಟು ಬೋರ್‌ವೆಲ್ ಕೂಡ ಇಲ್ಲದ ಹೊಲದಲ್ಲಿ ಸಸಿ ಒಣಗಿ ಸಾಲು ಖಾಲಿಯಾಗುತ್ತದೆ. ಅಂದರೆ ಈ ಚದುರುವಿಕೆ ಆಕಸ್ಮಿಕವಲ್ಲ, ಪದ್ಧತಿಯ ಸ್ವಭಾವದಲ್ಲೇ ಇದೆ. ಇದರ ಜೊತೆಗೆ, ಹೆಚ್ಚು ಚದುರಿದ ಗುಂಪೇ ಅತಿ ಚಿಕ್ಕ ಗುಂಪೂ ಆಗಿದೆ. ಕೂಲಿ ಮತ್ತು ಸಸಿಯ ಖರ್ಚಿನ ಕಾರಣ ನಾಟಿ ಮಾಡುವವರು ಕಡಿಮೆ. ಸಿಕ್ಕದ್ದು ಆರೇ ಹೊಲ. ಈ ಎರಡು ಸಂಗತಿಗಳು ಒಟ್ಟಿಗೆ ಬಂದಾಗ ಸಾಮಾನ್ಯ ಅನೋವಾ ದಾರಿ ತಪ್ಪುತ್ತದೆ.

ವಿಶ್ಲೇಷಣೆಯ ಪೂರ್ವಷರತ್ತುಗಳು ಮೂರು. ಅವುಗಳಲ್ಲಿ ಅತಿ ಮುಖ್ಯವಾದದ್ದನ್ನು ಎಸ್‌ಪಿಎಸ್‌ಎಸ್‌ನ ಯಾವ ಟೇಬಲ್ಲೂ ಪರೀಕ್ಷಿಸುವುದಿಲ್ಲ. ಅದು ಅವಲೋಕನಗಳ ಸ್ವಾತಂತ್ರ್ಯ. ಒಂದು ಹೊಲದ ಇಳುವರಿ ಇನ್ನೊಂದು ಹೊಲದ ಇಳುವರಿಯ ಬಗ್ಗೆ ಏನನ್ನೂ ಹೇಳಬಾರದು. ವಿದ್ಯಾರ್ಥಿನಿಯ ಮೂಲ ಪಟ್ಟಿಯಲ್ಲಿ ನಾಟಿ ಗುಂಪಿನಲ್ಲಿ ಒಬ್ಬನೇ ರೈತನ ಎರಡು ತುಂಡು ಜಮೀನುಗಳು ಎರಡು ಸಾಲುಗಳಾಗಿ ಇದ್ದವು. ಒಂದೇ ಬೋರ್‌ವೆಲ್, ಒಂದೇ ಗೊಬ್ಬರ, ಒಂದೇ ಕೈ. ಅವು ಎರಡು ಸಾಕ್ಷಿಗಳಲ್ಲ, ಒಂದೇ ಸಾಕ್ಷಿ ಎರಡು ಸಲ ನುಡಿದಂತೆ. ಅವೆರಡರ ಸರಾಸರಿ ತೆಗೆದು ಒಂದೇ ಸಾಲು ಮಾಡಿದ ಮೇಲೆಯೇ ಗುಂಪಿನಲ್ಲಿ ಆರು ಹೊಲಗಳು ಉಳಿದದ್ದು.

ಎರಡನೆಯದು ನಾರ್ಮಲ್ ವಿತರಣೆ. ಇಲ್ಲಿ ಪದೇ ಪದೇ ಕಾಣುವ ತಪ್ಪೆಂದರೆ ಇಪ್ಪತ್ತೆಂಟು ಇಳುವರಿಗಳ ಇಡೀ ಕಾಲಂ ಅನ್ನು ಒಟ್ಟಿಗೆ ಪರೀಕ್ಷೆಗೆ ಒಡ್ಡುವುದು. ಗುಂಪುಗಳ ಸರಾಸರಿಗಳೇ ಬೇರೆಯಿದ್ದರೆ ಒಟ್ಟು ಕಾಲಂ ನಾರ್ಮಲ್ ಆಗಿರಬೇಕಾದ ಅಗತ್ಯವೇ ಇಲ್ಲ; ಷರತ್ತು ಇರುವುದು ಪ್ರತಿ ಗುಂಪಿನ ಒಳಗಿನ ಹಂಚಿಕೆಯ ಮೇಲೆ. ಅದನ್ನು ನೋಡಲು ಈ ಆದೇಶ ಸಾಕು:

```
EXAMINE VARIABLES=iluvari BY paddhati
  /PLOT BOXPLOT NPPLOT
  /STATISTICS DESCRIPTIVES.
```

ಇದು ಗುಂಪುವಾರು ಶಪಿರೊ-ವಿಲ್ಕ್ ಪರೀಕ್ಷೆ, ಕ್ಯೂ-ಕ್ಯೂ ಚಿತ್ರ ಹಾಗೂ ಬಾಕ್ಸ್‌ಪ್ಲಾಟ್ ಕೊಡುತ್ತದೆ. ನಮ್ಮ ಮೂರೂ ಗುಂಪುಗಳು ತಮ್ಮ ಸರಾಸರಿಯ ಎರಡೂ ಬದಿಗೆ ಹೆಚ್ಚುಕಡಿಮೆ ಸಮವಾಗಿ ಹರಡಿವೆ, ಯಾವುದೂ ಒಂದು ಕಡೆಗೆ ವಾಲಿಲ್ಲ. ಆರು ಹೊಲಗಳ ಗುಂಪಿನಲ್ಲಿ ಈ ಪರೀಕ್ಷೆ 0.05ಕ್ಕಿಂತ ಹೆಚ್ಚಿನ ಬೆಲೆ ಕೊಟ್ಟರೆ ಅದರಿಂದ ದೊಡ್ಡ ಭರವಸೆಯೇನೂ ಸಿಗುವುದಿಲ್ಲ, ಏಕೆಂದರೆ ಅಷ್ಟು ಕಡಿಮೆ ಅಂಕಿಗಳಲ್ಲಿ ಸಾಕಷ್ಟು ಓರೆಯಾದ ಹಂಚಿಕೆಯೂ ಪರೀಕ್ಷೆಯ ಕಣ್ಣು ತಪ್ಪಿಸುತ್ತದೆ. ಇಲ್ಲಿ ಬಾಕ್ಸ್‌ಪ್ಲಾಟ್ ನೋಡಿದ ಕಣ್ಣಿಗೆ ಹೆಚ್ಚು ಬೆಲೆ ಕೊಡಬೇಕು. ಆ ಚಿತ್ರದಲ್ಲಿ ಮೂರನೆಯ ಪೆಟ್ಟಿಗೆ ಮೊದಲ ಎರಡಕ್ಕಿಂತ ಎಷ್ಟು ಎತ್ತರವಾಗಿದೆ ಎಂಬುದೂ ಕೂಡಲೇ ಕಾಣುತ್ತದೆ.

ಮೂರನೆಯ ಷರತ್ತು ಗುಂಪುಗಳ ವೇರಿಯನ್ಸ್‌ಗಳ, ಅಂದರೆ ಮಾನಕ ವಿಚಲನೆಯ ವರ್ಗಗಳ, ಸಮಾನತೆ. ಲೆವೀನ್ ಪರೀಕ್ಷೆ ನೋಡುವುದು ಅದನ್ನೇ. ಪ್ರತಿ ಹೊಲದ ಇಳುವರಿ ತನ್ನ ಗುಂಪಿನ ಸರಾಸರಿಯಿಂದ ಎಷ್ಟು ದೂರವಿದೆ ಎಂಬ ಅಂತರಗಳನ್ನು ತೆಗೆದುಕೊಂಡು, ಆ ಅಂತರಗಳ ಮೇಲೆಯೇ ಇನ್ನೊಂದು ಅನೋವಾ ನಡೆಸುವುದು ಈ ಪರೀಕ್ಷೆಯ ತಿರುಳು. ನಮ್ಮಲ್ಲಿ ಸರಾಸರಿ ಅಂತರಗಳು 0.27, 0.30 ಮತ್ತು 1.00. ಔಟ್‌ಪುಟ್‌ನಲ್ಲಿ `Based on Mean` ಸಾಲಿನಲ್ಲಿ ಲೆವೀನ್ ಬೆಲೆ 9.936, ಸಂಭವನೀಯತೆ 0.001ಕ್ಕಿಂತ ಕಡಿಮೆ. ಈ ಟೇಬಲ್‌ನ ಕೆಳಗಿನ ಸಾಲುಗಳಲ್ಲಿ ಮಧ್ಯಾಂಕವನ್ನು ಆಧರಿಸಿದ ಬೆಲೆಯೂ ಇರುತ್ತದೆ. ಹಂಚಿಕೆ ಓರೆಯಾಗಿದ್ದಾಗ ಅದನ್ನು ನಂಬುವುದು ಒಳಿತು. ನಮ್ಮ ಗುಂಪುಗಳಲ್ಲಿ ಸರಾಸರಿಯೂ ಮಧ್ಯಾಂಕವೂ ಒಂದೇ ಆಗಿರುವುದರಿಂದ ಎರಡೂ ಸಾಲುಗಳಲ್ಲಿ ಒಂದೇ ಬೆಲೆ ಬಂದಿದೆ. ಹೊಸಬರು ಇಲ್ಲಿ ಎಡವುವುದುಂಟು: ಚಿಕ್ಕ `Sig.` ಕಂಡರೆ ಸಂತೋಷಪಡುವ ಅಭ್ಯಾಸದಿಂದ ಲೆವೀನ್ ಟೇಬಲ್‌ನಲ್ಲೂ ಹಾಗೆಯೇ ಮಾಡುತ್ತಾರೆ. ಲೆವೀನ್ ಪರೀಕ್ಷೆಯ ಶೂನ್ಯ ಕಲ್ಪನೆ ವೇರಿಯನ್ಸ್‌ಗಳು ಸಮಾನ ಎಂಬುದು. ಅದು ತಿರಸ್ಕೃತವಾಯಿತೆಂದರೆ ನಮ್ಮ ಷರತ್ತು ಮುರಿದಿದೆ ಎಂದರ್ಥ.

ಈಗ ಎಲ್ಲರೂ ಕಾಯುವ ಟೇಬಲ್:

```
                 Sum of Squares   df   Mean Square     F     Sig.
Between Groups        6.017        2      3.009      6.951   .004
Within Groups        10.820       25       .433
Total                16.837       27
```

ಇದನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಓದೋಣ. ಇಪ್ಪತ್ತೆಂಟು ಹೊಲಗಳ ಒಟ್ಟು ಏರುಪೇರು 16.837, ಅದರಲ್ಲಿ 6.017 ಗುಂಪುಗಳ ಸರಾಸರಿಗಳ ನಡುವಿನ ಅಂತರದಿಂದ ಬಂದದ್ದು, 10.820 ಗುಂಪುಗಳ ಒಳಗಿನದು. ಮೂರು ಗುಂಪುಗಳಿರುವುದರಿಂದ ಮೊದಲನೆಯದಕ್ಕೆ `df`, ಅಂದರೆ ಸ್ವಾತಂತ್ರ್ಯದ ಮಟ್ಟ, 2. ಇಪ್ಪತ್ತೆಂಟರಿಂದ ಮೂರು ಕಳೆದು ಎರಡನೆಯದಕ್ಕೆ 25. ಭಾಗಿಸಿದರೆ 3.009 ಮತ್ತು 0.433, ಇವೆರಡರ ಅನುಪಾತವೇ 6.951. ಮೂರೂ ಪದ್ಧತಿಗಳ ನಿಜ ಸರಾಸರಿಗಳು ಒಂದೇ ಆಗಿದ್ದು ಷರತ್ತುಗಳೆಲ್ಲ ಈಡೇರಿದ್ದರೆ ಇಷ್ಟು ದೊಡ್ಡ ಅನುಪಾತ ಬರುವ ಸಂಭವ 0.004. `df` ಸರಿಯಾಗಿದೆಯೇ ಎಂದು ನೋಡುವುದು ಡೇಟಾ ತಪ್ಪನ್ನು ಹಿಡಿಯುವ ಸುಲಭ ದಾರಿಯೂ ಹೌದು. ಒಟ್ಟು 27ರ ಬದಲು 26 ಇದ್ದರೆ ಎಲ್ಲೋ ಒಂದು ಹೊಲದ ಇಳುವರಿ ಖಾಲಿ ಉಳಿದಿದೆ, ಗುಂಪಿನ ಸಾಲಿನಲ್ಲಿ 3 ಇದ್ದರೆ ಯಾರೋ ಪದ್ಧತಿಯ ಕಾಲಂನಲ್ಲಿ 3ರ ಬದಲು 33 ಒತ್ತಿದ್ದಾರೆ.

ಈಗ `Within Groups` ಸಾಲನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಅಲ್ಲಿನ 10.820 ಮೂರು ಗುಂಪುಗಳ ಒಳಗಿನ ಏರುಪೇರಿನ ಮೊತ್ತ: ಕೂರಿಗೆ ಬಿತ್ತನೆಯಿಂದ 1.32, ಕುಡಿ ಚಿವುಟಿದ್ದರಿಂದ 1.50, ನಾಟಿಯಿಂದ 8.00. ಇಪ್ಪತ್ತೆಂಟರಲ್ಲಿ ಆರೇ ಹೊಲಗಳು ಈ ಮೊತ್ತದ ಸುಮಾರು ಮುಕ್ಕಾಲು ಭಾಗವನ್ನು ತಂದಿವೆ. ಅನೋವಾ ಈ ಎಲ್ಲವನ್ನೂ ಬೆರೆಸಿ 0.433 ಎಂಬ ಒಂದೇ ವೇರಿಯನ್ಸ್ ಮಾಡುತ್ತದೆ. ಅದರ ವರ್ಗಮೂಲ 0.66 ಕ್ವಿಂಟಲ್. ಈ 0.66 ಯಾರದು? ಬಿತ್ತನೆಯ ಹೊಲಗಳ ನಿಜ ಚದುರುವಿಕೆ 0.35, ಅವಕ್ಕೆ ಇದು ಹೆಚ್ಚುಕಡಿಮೆ ಎರಡು ಪಟ್ಟು. ನಾಟಿ ಹೊಲಗಳದ್ದು 1.26, ಅವಕ್ಕೆ ಇದು ಅರ್ಧ ಮಾತ್ರ. ಒಂದೇ ಅಳತೆಯ ಅಂಗಿಯನ್ನು ಮಗುವಿಗೂ ಅಪ್ಪನಿಗೂ ತೊಡಿಸಿದಂತೆ, ಬೆರೆಸಿದ ಈ ವೇರಿಯನ್ಸ್ ಯಾವ ಗುಂಪಿಗೂ ಹೊಂದುವುದಿಲ್ಲ. ಟೂಕಿ ಪರೀಕ್ಷೆ ಎಲ್ಲ ಜೋಡಿಗಳಿಗೂ ಇದೇ ಬೆರಕೆ ವೇರಿಯನ್ಸ್ ಅನ್ನು ಬಳಸುತ್ತದೆ. ಗೇಮ್ಸ್-ಹೊವೆಲ್ ಪರೀಕ್ಷೆ ಹೋಲಿಸುತ್ತಿರುವ ಎರಡೇ ಗುಂಪುಗಳ ಸ್ವಂತ ವೇರಿಯನ್ಸ್ ತೆಗೆದುಕೊಂಡು, ಅದಕ್ಕೆ ತಕ್ಕಂತೆ `df` ಅನ್ನೂ ಪ್ರತಿ ಜೋಡಿಗೆ ಬೇರೆಯಾಗಿ ಲೆಕ್ಕ ಹಾಕುತ್ತದೆ. ಎರಡು ಪರೀಕ್ಷೆಗಳ ಜಗಳದ ಮೂಲ ಇಷ್ಟೇ.

`Multiple Comparisons` ಟೇಬಲ್ ಪ್ರತಿ ಜೋಡಿಯನ್ನು ಎರಡು ಸಲ, ಚಿಹ್ನೆ ತಿರುಗಿಸಿ ತೋರಿಸುತ್ತದೆ. ಆದ್ದರಿಂದ ಅರ್ಧದಷ್ಟು ಸಾಲುಗಳನ್ನು ಬಿಟ್ಟು ಓದಿದರೂ ನಷ್ಟವಿಲ್ಲ. ವಿವಾದದಲ್ಲಿರುವ ಎರಡು ಜೋಡಿಗಳನ್ನು ಮಾತ್ರ ಇಲ್ಲಿ ಕೊಟ್ಟಿದ್ದೇನೆ:

```
               (I)  (J)  Mean Diff. (I-J)  Std. Error   Lower   Upper
Tukey HSD       1    2        -.60            .282      -1.30     .10
                1    3       -1.20*           .329      -2.02    -.38
Games-Howell    1    2        -.60*           .163      -1.02    -.18
                1    3       -1.20            .526      -2.87     .47
```

ಟೂಕಿಯ ಪ್ರಕಾರ ಕುಡಿ ಚಿವುಟುವುದರಿಂದ ಬಂದ 0.6 ಕ್ವಿಂಟಲ್ ಹೆಚ್ಚಳ ಮಹತ್ವದ್ದಲ್ಲ, ನಾಟಿಯ 1.2 ಕ್ವಿಂಟಲ್ ಹೆಚ್ಚಳ ಮಹತ್ವದ್ದು. ಗೇಮ್ಸ್-ಹೊವೆಲ್ ಪ್ರಕಾರ ನೇರ ಉಲ್ಟಾ: ಕುಡಿ ಚಿವುಟುವಿಕೆಯ ಲಾಭ ಖಚಿತ, ನಾಟಿಯ ಲಾಭ ಖಚಿತವಲ್ಲ. ಸರಾಸರಿ ವ್ಯತ್ಯಾಸದ ಅಂಕಣ ಎರಡರಲ್ಲೂ ಒಂದೇ ಇರುವುದನ್ನು ಗಮನಿಸಬೇಕು. ಬದಲಾಗಿರುವುದು `Std. Error` ಮತ್ತು `df`, ಅವುಗಳಿಂದಾಗಿ ವಿಶ್ವಾಸ ಅಂತರ. ಮೊದಲ ಜೋಡಿಯಲ್ಲಿ ಟೂಕಿಯ ಮಾನಕ ದೋಷ 0.282, ಗೇಮ್ಸ್-ಹೊವೆಲ್‌ನದು 0.163. ಒತ್ತಾಗಿ ನಿಂತ ಎರಡು ಗುಂಪುಗಳನ್ನು ಹೋಲಿಸುವಾಗ, ಆ ಹೋಲಿಕೆಗೆ ಸಂಬಂಧವೇ ಇಲ್ಲದ ನಾಟಿ ಹೊಲಗಳ ಗದ್ದಲವನ್ನು ಟೂಕಿ ಒಳಗೆ ತಂದು ನಿಜವಾದ ವ್ಯತ್ಯಾಸವನ್ನು ಮುಚ್ಚಿಹಾಕಿತು. ಎರಡನೆಯ ಜೋಡಿಯಲ್ಲಿ ತದ್ವಿರುದ್ಧ: ಸ್ಥಿರವಾದ ಬಿತ್ತನೆ ಹೊಲಗಳ ಸಾಲ ಪಡೆದು ನಾಟಿ ಹೊಲಗಳ ಅನಿಶ್ಚಿತತೆಯನ್ನು ಅದು ಕಡಿಮೆ ಮಾಡಿ ತೋರಿಸಿತು. ಕುಡಿ ಚಿವುಟಿದ ಮತ್ತು ನಾಟಿ ಮಾಡಿದ ಹೊಲಗಳ ನಡುವಿನ ಮೂರನೆಯ ಜೋಡಿಯಲ್ಲಿ ಎರಡೂ ಪರೀಕ್ಷೆಗಳ ವಿಶ್ವಾಸ ಅಂತರ ಸೊನ್ನೆಯನ್ನು ಒಳಗೊಂಡಿದ್ದು, ಅಲ್ಲಿ ಭಿನ್ನಾಭಿಪ್ರಾಯವಿಲ್ಲ.

ಟೂಕಿ ಕೇಳಿದಾಗ ಎಸ್‌ಪಿಎಸ್‌ಎಸ್ ಅದರ ಜೊತೆಗೆ `Homogeneous Subsets` ಎಂಬ ಇನ್ನೊಂದು ಟೇಬಲ್ಲನ್ನೂ ಕೊಡುತ್ತದೆ. ಪ್ರಬಂಧಗಳಲ್ಲಿ ಅಂದವಾಗಿ ಕಾಣುವ ಕಾರಣ ಅದು ಎಲ್ಲರಿಗೂ ಪ್ರಿಯ. ಅದರ ಅಡಿಟಿಪ್ಪಣಿಯನ್ನು ಮಾತ್ರ ಓದುವವರು ಕಡಿಮೆ. ಗುಂಪುಗಳ ಗಾತ್ರ ಅಸಮವಾಗಿರುವುದರಿಂದ ಹರಾತ್ಮಕ ಸರಾಸರಿ 8.571 ಅನ್ನು ಎಲ್ಲ ಗುಂಪುಗಳ ಗಾತ್ರವೆಂದು ಭಾವಿಸಲಾಗಿದೆ ಮತ್ತು ಮೊದಲ ಬಗೆಯ ದೋಷದ ಮಟ್ಟಕ್ಕೆ ಖಾತರಿಯಿಲ್ಲ ಎಂದು ತಂತ್ರಾಂಶವೇ ಅಲ್ಲಿ ಒಪ್ಪಿಕೊಂಡಿರುತ್ತದೆ. ಹನ್ನೆರಡು ಮತ್ತು ಆರು ಹೊಲಗಳ ಗುಂಪುಗಳನ್ನು ಎಂಟೂವರೆ ಹೊಲಗಳವೆಂದು ಭಾವಿಸಿದ ಟೇಬಲ್ಲನ್ನು ಈ ಪ್ರಬಂಧದಲ್ಲಿ ಸೇರಿಸುವ ಅಗತ್ಯ ನನಗೆ ಕಾಣಲಿಲ್ಲ. ಅವಳೂ ಅದನ್ನು ತೆಗೆದಳು.

ಪೋಸ್ಟ್ ಹಾಕ್‌ಗೆ ಹೋಗುವ ಮುನ್ನ ಒಟ್ಟಾರೆ ಪರೀಕ್ಷೆಯನ್ನೂ ಅಸಮಾನ ವೇರಿಯನ್ಸ್‌ಗೆ ಒಗ್ಗುವ ರೂಪದಲ್ಲಿ ನೋಡಬೇಕಲ್ಲವೇ? ಅದು `Robust Tests of Equality of Means` ಟೇಬಲ್‌ನಲ್ಲಿದೆ. ವೆಲ್ಚ್ 1951ರಲ್ಲಿ ಪ್ರಕಟಿಸಿದ ಪರೀಕ್ಷೆಯ ಬೆಲೆ ಇಲ್ಲಿ 7.993, `df` 2 ಮತ್ತು 10.695, ಸಂಭವನೀಯತೆ 0.008. ಎರಡನೆಯ `df` ಪೂರ್ಣಾಂಕವಲ್ಲದಿರುವುದು ಮುದ್ರಣದೋಷವಲ್ಲ, 25ರಿಂದ 10.695ಕ್ಕೆ ಇಳಿದಿರುವುದೇ ಅಸಮಾನತೆಗೆ ತೆತ್ತ ಬೆಲೆ. ಅದೇ ಟೇಬಲ್‌ನ ಕೆಳಸಾಲಿನಲ್ಲಿ ಬ್ರೌನ್-ಫೋರ್ಸೈತ್ ಬೆಲೆ 4.199, ಸಂಭವನೀಯತೆ 0.068. ಅಂದರೆ ಅಸಮಾನತೆಯನ್ನು ಸಹಿಸಬಲ್ಲ ಎರಡು ಪರೀಕ್ಷೆಗಳಲ್ಲೇ ಒಂದು ಹೌದೆನ್ನುತ್ತದೆ, ಇನ್ನೊಂದು ಇಲ್ಲವೆನ್ನುತ್ತದೆ. ವಿದ್ಯಾರ್ಥಿನಿಯ ಗೊಂದಲ ಇಲ್ಲಿ ಇಮ್ಮಡಿಯಾಯಿತು.

ಇದಕ್ಕೂ ಕಾರಣ ಲೆಕ್ಕದ ಒಳಗೇ ಇದೆ. ವೆಲ್ಚ್ ಪರೀಕ್ಷೆ ಪ್ರತಿ ಗುಂಪಿಗೆ ಅದರ ಗಾತ್ರವನ್ನು ಅದರ ವೇರಿಯನ್ಸ್‌ನಿಂದ ಭಾಗಿಸಿ ತೂಕ ಕೊಡುತ್ತದೆ. ಬಿತ್ತನೆಗೆ 12ನ್ನು 0.12ರಿಂದ ಭಾಗಿಸಿ 100, ಕುಡಿ ಚಿವುಟಿದ್ದಕ್ಕೆ 60, ನಾಟಿಗೆ 6ನ್ನು 1.6ರಿಂದ ಭಾಗಿಸಿ 3.75. ಹೀಗೆ ನಾಟಿ ಗುಂಪಿನ ಮಾತಿಗೆ ಇಲ್ಲಿ ಶೇಕಡಾ ಎರಡರಷ್ಟು ಮಾತ್ರ ತೂಕ. ವೆಲ್ಚ್ ಮುಖ್ಯವಾಗಿ ನೋಡಿದ್ದು ಸ್ಪಷ್ಟವಾಗಿ ಅಳೆಯಲಾದ ಮೊದಲ ಎರಡು ಗುಂಪುಗಳ ಅಂತರವನ್ನು. ಬ್ರೌನ್-ಫೋರ್ಸೈತ್ ಅನುಪಾತದ ಮೇಲಿನ ಭಾಗದಲ್ಲಿ ಸಾಮಾನ್ಯ ಅನೋವಾದ 6.017 ಹಾಗೆಯೇ ಉಳಿಯುತ್ತದೆ, ಕೆಳಗಿನ ಭಾಗದಲ್ಲಿ ನಾಟಿಯ ದೊಡ್ಡ ವೇರಿಯನ್ಸ್ ಪ್ರಾಬಲ್ಯ ಪಡೆಯುತ್ತದೆ. ಆದ್ದರಿಂದ ಅದರ ತೀರ್ಪು ಬಹುಪಾಲು ನಾಟಿ ಗುಂಪು ಎಷ್ಟು ಭಿನ್ನ ಎಂಬುದರ ಬಗ್ಗೆ. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಸರಿಯಾಗಿಯೇ ಉತ್ತರಿಸಿವೆ, ಗೇಮ್ಸ್-ಹೊವೆಲ್ ಟೇಬಲ್‌ಗೂ ಎರಡೂ ಹೊಂದುತ್ತವೆ. ಪ್ರಬಂಧದಲ್ಲಿ ವೆಲ್ಚ್ ಅನ್ನು ಮುಖ್ಯ ಪರೀಕ್ಷೆಯಾಗಿ ಇಟ್ಟುಕೊಳ್ಳಲು ನಾನು ಹೇಳಿದೆ. 0.008 ಎಂಬ ಅಂಕಿ ಚೆನ್ನಾಗಿ ಕಾಣುತ್ತದೆಂದು ಅಲ್ಲ. ಗುಂಪುಗಳು ಓರೆಯಾಗಿಲ್ಲದೆ ವೇರಿಯನ್ಸ್ ಮಾತ್ರ ಬೇರೆಯಿರುವಾಗ ಅದೇ ವಾಡಿಕೆಯ ಆಯ್ಕೆ, ಜೋಡಿಗಳಿಗೆ ಬಳಸುವ ಗೇಮ್ಸ್-ಹೊವೆಲ್ ಕೂಡ ವೆಲ್ಚ್ ತರ್ಕದ ಮೇಲೆಯೇ ನಿಂತಿದೆ. ನಿಜ ಹೇಳಬೇಕೆಂದರೆ ಈ ಆಯ್ಕೆಯನ್ನು ಸಾರಾಂಶ ಪತ್ರ ಸಲ್ಲಿಸುವಾಗಲೇ, ಔಟ್‌ಪುಟ್ ನೋಡುವ ಮೊದಲೇ ಬರೆದಿಡಬೇಕಿತ್ತು. ಈಗ ಎರಡೂ ಬೆಲೆಗಳನ್ನು ವರದಿ ಮಾಡುವುದೇ ಪ್ರಾಮಾಣಿಕ ದಾರಿ.

ಇಲ್ಲಿ ನನ್ನ ಸ್ವಂತ ಅಭಿಪ್ರಾಯವೊಂದಿದೆ. ಲೆವೀನ್ ಪರೀಕ್ಷೆಯನ್ನು ಬಾಗಿಲು ಕಾಯುವವನಂತೆ ನಿಲ್ಲಿಸಿ, ಅದು ಬಿಟ್ಟರೆ ಟೂಕಿ, ತಡೆದರೆ ಗೇಮ್ಸ್-ಹೊವೆಲ್ ಎಂದು ಕಲಿಸುವ ಕ್ರಮ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಗುಂಪುಗಳು ಚಿಕ್ಕದಾಗಿದ್ದಾಗ ಲೆವೀನ್ ಪರೀಕ್ಷೆಗೆ ಅಸಮಾನತೆಯನ್ನು ಹಿಡಿಯುವ ಶಕ್ತಿ ಸಾಲದು. ಗುಂಪುಗಳು ಬಹಳ ದೊಡ್ಡದಾಗಿದ್ದಾಗ ನಗಣ್ಯ ವ್ಯತ್ಯಾಸಕ್ಕೂ ಅದು ಕೂಗೆಬ್ಬಿಸುತ್ತದೆ. ಗುಂಪುಗಳ ಗಾತ್ರ ಸಮವಾಗಿದ್ದರೆ ಸಾಮಾನ್ಯ ಅನೋವಾ ಸ್ವಲ್ಪ ಅಸಮಾನತೆಯನ್ನು ತಡೆದುಕೊಳ್ಳುತ್ತದೆ. ಅಪಾಯ ಇರುವುದು ಗಾತ್ರವೂ ವೇರಿಯನ್ಸೂ ಎರಡೂ ಅಸಮವಾಗಿರುವಾಗ. ಚಿಕ್ಕ ಗುಂಪಿನಲ್ಲಿ ದೊಡ್ಡ ವೇರಿಯನ್ಸ್ ಇದ್ದರೆ ಇಲ್ಲದ ವ್ಯತ್ಯಾಸವೂ ಇದ್ದಂತೆ ಕಾಣುವ ಸಂಭವ ಹೆಚ್ಚುತ್ತದೆ. ದೊಡ್ಡ ಗುಂಪಿನಲ್ಲಿ ದೊಡ್ಡ ವೇರಿಯನ್ಸ್ ಇದ್ದರೆ ಇರುವ ವ್ಯತ್ಯಾಸವೂ ಮರೆಯಾಗುತ್ತದೆ. `Descriptives` ಟೇಬಲ್‌ನ ಎರಡು ಅಂಕಣಗಳನ್ನು, ಅಂದರೆ `N` ಮತ್ತು `Std. Deviation` ಅನ್ನು, ಅಕ್ಕಪಕ್ಕ ಓದಿದರೆ ಲೆವೀನ್ ಇಲ್ಲದೆಯೂ ಇದು ತಿಳಿಯುತ್ತದೆ. ಅನುಮಾನವಿದ್ದಾಗ ಕ್ರುಸ್ಕಲ್-ವಾಲಿಸ್ ಕಡೆಗೆ ಓಡುವವರೂ ಇದ್ದಾರೆ. ಅದು ಶ್ರೇಣಿಗಳ ಪರೀಕ್ಷೆ, ನಾರ್ಮಲ್ ಅಲ್ಲದ ಡೇಟಾಗೆ ನೆರವಾಗುತ್ತದೆ, ಅಸಮಾನ ಚದುರುವಿಕೆಗೆ ಔಷಧವಲ್ಲ.

ಪರಿಣಾಮದ ಗಾತ್ರವನ್ನೂ ಮಾರ್ಗದರ್ಶಕರು ಕೇಳುತ್ತಾರೆ. 6.017ನ್ನು 16.837ರಿಂದ ಭಾಗಿಸಿದರೆ ಈಟಾ ವರ್ಗ 0.357, ಇತ್ತೀಚಿನ ಆವೃತ್ತಿಗಳಲ್ಲಿ ಇದಕ್ಕೊಂದು ಪೆಟ್ಟಿಗೆಯೇ ಇದೆ, ಹಳೆಯದರಲ್ಲಿ ಕೈಯಲ್ಲೇ ಭಾಗಿಸಬೇಕು. ಇಳುವರಿಯ ಏರುಪೇರಿನ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು ಪದ್ಧತಿಯ ಜೊತೆ ಹೋಗುತ್ತದೆ ಎಂದು ಇದರ ಅರ್ಥ. ಪದ್ಧತಿಯೇ ಕಾರಣ ಎಂದು ಅಲ್ಲ. ರೈತರು ತಾವೇ ಪದ್ಧತಿ ಆರಿಸಿಕೊಂಡಿದ್ದಾರೆ. ಬಂಡವಾಳವೂ ನೀರಿನ ಆಸರೆಯೂ ಇದ್ದವರೇ ನಾಟಿಗೆ ಮುಂದಾಗಿರಬಹುದು. ಹೊಲಗಳಿಗೆ ಪದ್ಧತಿಯನ್ನು ಚೀಟಿ ಎತ್ತಿ ಹಂಚಿದ ಪ್ರಯೋಗ ಇದಲ್ಲ, ಆದ್ದರಿಂದ 'ಕುಡಿ ಚಿವುಟಿದರೆ ಇಳುವರಿ ಹೆಚ್ಚುತ್ತದೆ' ಎಂಬ ವಾಕ್ಯ ಈ ಡೇಟಾಗೆ ಭಾರವಾಗುತ್ತದೆ. 'ಕುಡಿ ಚಿವುಟಿದ ಹೊಲಗಳಲ್ಲಿ ಸರಾಸರಿ ಇಳುವರಿ ಹೆಚ್ಚಿತ್ತು' ಎನ್ನುವಷ್ಟಕ್ಕೆ ನಿಲ್ಲಬೇಕು.

ಕೊನೆಗೆ ಅವಳ ಫಲಿತಾಂಶ ಅಧ್ಯಾಯದಲ್ಲಿ ಉಳಿದ ಭಾಗ ಇದು: 'ಮೂರು ಪದ್ಧತಿಗಳ ವೇರಿಯನ್ಸ್‌ಗಳು ಸಮಾನವಾಗಿರಲಿಲ್ಲ (ಲೆವೀನ್ F(2, 25) = 9.94, p < .001), ಆದ್ದರಿಂದ ವೆಲ್ಚ್ ಪರೀಕ್ಷೆ ಬಳಸಲಾಯಿತು. ಸರಾಸರಿ ಇಳುವರಿಗಳಲ್ಲಿ ವ್ಯತ್ಯಾಸ ಕಂಡುಬಂದಿತು (F(2, 10.70) = 7.99, p = .008); ಬ್ರೌನ್-ಫೋರ್ಸೈತ್ ಪರೀಕ್ಷೆಯಲ್ಲಿ p = .068. ಗೇಮ್ಸ್-ಹೊವೆಲ್ ಹೋಲಿಕೆಯ ಪ್ರಕಾರ ಕುಡಿ ಚಿವುಟಿದ ಹೊಲಗಳ ಇಳುವರಿ ಕೂರಿಗೆ ಬಿತ್ತನೆಗಿಂತ ಎಕರೆಗೆ 0.60 ಕ್ವಿಂಟಲ್ ಹೆಚ್ಚಿತ್ತು (95% ವಿಶ್ವಾಸ ಅಂತರ 0.18ರಿಂದ 1.02). ನಾಟಿ ಹೊಲಗಳ ಸರಾಸರಿ 1.20 ಕ್ವಿಂಟಲ್ ಹೆಚ್ಚಿದ್ದರೂ ಅಂತರ −0.47ರಿಂದ 2.87ರವರೆಗೆ ಹರಡಿದ್ದು, ಈ ಮಾದರಿಯಿಂದ ತೀರ್ಮಾನ ಸಾಧ್ಯವಾಗಲಿಲ್ಲ.'

ಕೊನೆಯ ವಾಕ್ಯವನ್ನು 'ನಾಟಿಯಿಂದ ಪ್ರಯೋಜನವಿಲ್ಲ' ಎಂದು ಮೊಟಕುಗೊಳಿಸಲು ಅವಳ ಸಹಪಾಠಿಯೊಬ್ಬ ಸೂಚಿಸಿದ್ದನಂತೆ. ಅದು ತಪ್ಪು ಓದು. 2.87 ಕ್ವಿಂಟಲ್‌ವರೆಗಿನ ಲಾಭವನ್ನು ಈ ಅಂತರ ಅಲ್ಲಗಳೆದಿಲ್ಲ. ಹಾಗಾದರೆ ಎಷ್ಟು ಹೊಲ ಬೇಕು ಎಂದು ಅವಳು ಕೇಳಿದಾಗ ಅದೇ ಸೂತ್ರವನ್ನು ಹಿಂದುಮುಂದು ಮಾಡಿ ನೋಡಿದೆವು. ನಾಟಿ ಗುಂಪಿನ ಸರಾಸರಿ 5.2 ಮತ್ತು ಮಾನಕ ವಿಚಲನೆ 1.26 ಹಾಗೆಯೇ ಉಳಿಯುವುದಾದರೆ, ಆರರ ಬದಲು ಹನ್ನೆರಡು ಹೊಲಗಳಿದ್ದಾಗ ಮಾನಕ ದೋಷ 0.526ರಿಂದ ಸುಮಾರು 0.38ಕ್ಕೆ ಇಳಿಯುತ್ತದೆ, `df` ಐದರ ಆಸುಪಾಸಿನಿಂದ ಹನ್ನೆರಡರ ಆಚೆಗೆ ಏರುತ್ತದೆ, ವಿಶ್ವಾಸ ಅಂತರ ಸುಮಾರು 0.2ರಿಂದ 2.2ಕ್ಕೆ ಬಂದು ಸೊನ್ನೆಯಿಂದ ದೂರ ನಿಲ್ಲುತ್ತದೆ. ಈ ಆರು ಹೊಲಗಳ ಅಂಕಿಗಳೇ ಹುಸಿಯಾಗಬಹುದಾದ್ದರಿಂದ ಇದು ಖಾತರಿಯಲ್ಲ, ಅಂದಾಜು. ಮುಂದಿನ ಹಂಗಾಮಿನಲ್ಲಿ ಇನ್ನೂ ಆರು ನಾಟಿ ಹೊಲಗಳನ್ನು, ಬೇರೆ ಬೇರೆ ರೈತರವನ್ನೇ ನೋಡಿ ಹುಡುಕುವುದೆಂದೂ, ನಾಟಿಯಾದ ಮೊದಲ ವಾರಗಳಲ್ಲಿ ನೀರು ಕೊಟ್ಟಿದ್ದಾರೋ ಇಲ್ಲವೋ ಎಂಬುದಕ್ಕೆ ಪ್ರಶ್ನಾವಳಿಯಲ್ಲಿ ಒಂದು ಕಾಲಂ ಸೇರಿಸುವುದೆಂದೂ ಅವಳು ತನ್ನ ಯೋಜನೆಯಲ್ಲಿ ಬರೆದುಕೊಂಡಳು.